ಒಂದು ಪಂಪು ಕಡಿಮೆಯಾಗಿ ಮೂವತ್ತೈದರ ಕೊರತೆ

ಆ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಪರದೆಯ ಮೇಲೆ ಒಂದು ಕೆಂಪು ಸಾಲು ಕೂತಿತ್ತು. ಇಂಪೆಲ್ಲರ್ ಕಾಸ್ಟಿಂಗ್, ಕೊರತೆ 35, ಆರ್ಡರ್ ಕಳಿಸಬೇಕಾಗಿದ್ದ ದಿನ ದಾಟಿ ಎರಡು ವಾರ. ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಅದೇ ಪರದೆಯಲ್ಲಿ ಕೆಂಪು ಅನ್ನೋದೇ ಇರಲಿಲ್ಲ. ನಡುವೆ ಆಗಿದ್ದು ಒಂದೇ ಒಂದು ಬದಲಾವಣೆ. ದಾವಣಗೆರೆಯ ಡೀಲರೊಬ್ಬರು ಶನಿವಾರ ಫೋನ್ ಮಾಡಿ, ಮುಂದಿನ ವಾರದ್ದರಲ್ಲಿ ಒಂದು ಪಂಪು ಬೇಡ ಅಂದಿದ್ದರಂತೆ. ನಮ್ಮ ಸೇಲ್ಸ್ ಹುಡುಗ ಅದನ್ನು ಕಂಪ್ಯೂಟರಿಗೆ ಹಾಕಿ ಮನೆಗೆ ಹೋಗಿದ್ದ. ಭಾನುವಾರ ರಾತ್ರಿ ಲೆಕ್ಕ ತಾನಾಗಿ ಓಡಿತ್ತು.

ಒಂದು ಪಂಪು ಬೇಡ ಅಂದ್ರೆ ಸಾಮಾನು ಉಳಿಯಬೇಕು, ಕಡಿಮೆ ಬೀಳಬಾರದು. ಇಷ್ಟು ನನಗೆ ಆವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕೆಂಪು ಸಾಲು ಕಂಡ್ರೆ ಫೋನ್ ಎತ್ತೋದು ನಮ್ಮ ಕಸುಬಿನ ಚಟ. ಎತ್ತಿದೆ.

ಇದೆಲ್ಲ ನಡೆದದ್ದು ಪೀಣ್ಯದಲ್ಲಿ, ನೀರೆತ್ತುವ ಪಂಪು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಹೆಸರು ಬೇಡ. ನಾನಲ್ಲಿ ಪ್ಲ್ಯಾನಿಂಗ್ ವಿಭಾಗದಲ್ಲಿದ್ದೆ. ವಿಭಾಗ ಅಂದ್ರೆ ನಾನು, ಒಂದು ಮೇಜು, ಒಂದು ಎಂಆರ್‌ಪಿ ಸಾಫ್ಟ್‌ವೇರು. ಬಿಸ್ಕತ್ ಪೊಟ್ಟಣದ ಮೇಲಿರೋ ಎಂಆರ್‌ಪಿ ಅಲ್ಲ ಇದು, ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್. ಕೆಲಸ ಬಹಳ ಸರಳ. ಯಾವ ವಾರ ಎಷ್ಟು ಪಂಪು ಬೇಕು ಅಂತ ಹೇಳಿದರೆ, ಅದಕ್ಕೆ ಎಷ್ಟು ಇಂಪೆಲ್ಲರ್, ಎಷ್ಟು ಶಾಫ್ಟು, ಎಷ್ಟು ಬೇರಿಂಗು ಬೇಕು ಅಂತ ಅದು ಬಿಡಿಸಿಡುತ್ತದೆ. ಸ್ಟೋರ್ಸಿನಲ್ಲಿ ಇರೋದನ್ನು ಕಳೆಯುತ್ತದೆ. ಉಳಿದದ್ದಕ್ಕೆ, ಅದು ಬರೋಕೆ ಎಷ್ಟು ವಾರ ಹಿಡಿಯುತ್ತೋ ಅಷ್ಟು ಹಿಂದಕ್ಕೆ ಸರಿದು, ‘ಇಂಥ ವಾರ ಇಷ್ಟಕ್ಕೆ ಆರ್ಡರ್ ಕೊಡು’ ಅನ್ನುತ್ತದೆ. ಜೋಸೆಫ್ ಓರ್ಲಿಕಿ ಎಂಬಾತ 1975ರಲ್ಲಿ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದಿದ್ದಾನೆ. ಲೆಕ್ಕದಲ್ಲಿ ಕೂಡೋದು ಕಳೆಯೋದು ಬಿಟ್ಟು ಬೇರೇನೂ ಇಲ್ಲ.

ಆದ್ರೆ ಒಂದು ಪ್ರಶ್ನೆಗೆ ಮಾತ್ರ ಕಂಪ್ಯೂಟರ್ ತಾನಾಗಿ ಉತ್ತರ ಹೇಳಲ್ಲ, ಮನುಷ್ಯ ಹೇಳಿಕೊಡಬೇಕು. ಮೂರು ವಾರ ಬೇಕಾದದ್ದನ್ನು ವಾರವಾರವೂ ಆಯಾ ವಾರದಷ್ಟೇ ತರಿಸೋದೋ, ಮೂರೂ ವಾರದ್ದನ್ನು ಗಂಟು ಕಟ್ಟಿ ಒಂದೇ ಸಲ ತರಿಸೋದೋ? ಮೊದಲನೆಯದು ‘ಲಾಟ್ ಫಾರ್ ಲಾಟ್’. ಎರಡನೆಯದು ‘ಫಿಕ್ಸೆಡ್ ಪೀರಿಯಡ್’. ನಮ್ಮ ಮನೆಗಳಲ್ಲಿ ಹಾಲು ಮೊದಲನೇ ಥರ, ತೊಗರಿಬೇಳೆ ಎರಡನೇ ಥರ. ಸಾಫ್ಟ್‌ವೇರಿನಲ್ಲಿ ಪ್ರತಿ ಸಾಮಾನಿನ ಎದುರಿಗೂ ಇದಕ್ಕೊಂದು ಪುಟ್ಟ ಖಾನೆ ಇರುತ್ತದೆ. ಒಂದು ಸಲ ತುಂಬಿದರೆ ವರ್ಷಗಟ್ಟಲೆ ಯಾರೂ ಅದರ ಕಡೆ ತಿರುಗಿ ನೋಡಲ್ಲ.

ಇಂಪೆಲ್ಲರಿನ ಎದುರಿನ ಆ ಖಾನೆಯನ್ನು ಆರು ತಿಂಗಳ ಹಿಂದೆ ಬದಲಾಯಿಸಿದ್ದು ನಾನೇ.

ಇಂಪೆಲ್ಲರ್ ಅಂದ್ರೆ ಪಂಪಿನೊಳಗೆ ಗಿರ್ರನೆ ತಿರುಗಿ ನೀರನ್ನು ಹೊರಕ್ಕೆ ತಳ್ಳುವ ಚಕ್ರ. ಬೆಳಗಾವಿಯ ಒಂದು ಫೌಂಡ್ರಿಯಿಂದ ಎರಕದ ಕಾಸ್ಟಿಂಗ್ ಬರುತ್ತಿತ್ತು. ನಮ್ಮಲ್ಲಿ ಅದನ್ನು ಸಿಎನ್‌ಸಿ ಲೇತಿನಲ್ಲಿ ಕೊರೆದು, ಕೀ ಸ್ಲಾಟ್ ಹೊಡೆದು, ಬ್ಯಾಲೆನ್ಸ್ ಮಾಡಿ ಅಸೆಂಬ್ಲಿಗೆ ಕೊಡುತ್ತಿದ್ದೆವು. ಮೊದಲು ಅದು ಲಾಟ್ ಫಾರ್ ಲಾಟ್‌ನಲ್ಲೇ ಇತ್ತು. ಲೇತಿನ ಮೇಲಿದ್ದ ಅಣ್ಣನಿಗೆ ಅದು ಕಂಡರಾಗುತ್ತಿರಲಿಲ್ಲ. ಹೊಸ ಲಾಟ್ ಬಂದಾಗಲೆಲ್ಲ ಚಕ್ಕಿನ ಜಾ ಬದಲಾಯಿಸಬೇಕು, ಅದನ್ನು ಅಳತೆಗೆ ಕೊರೀಬೇಕು, ಟೂಲ್ ಆಫ್‌ಸೆಟ್ ಹಾಕಬೇಕು, ಮೊದಲ ಪೀಸು ತೆಗೆದು ಇನ್‌ಸ್ಪೆಕ್ಷನ್ನಿಗೆ ಕೊಟ್ಟು ಕಾಯಬೇಕು. ಒಂದೂವರೆ ಗಂಟೆ ಹೋಯ್ತು ಅಂತಲೇ. ಒಂದು ದಿನ ಕಂಪ್ಯೂಟರು ಒಂದೇ ಒಂದು ಇಂಪೆಲ್ಲರಿಗೆ ವರ್ಕ್ ಆರ್ಡರ್ ಪ್ರಿಂಟ್ ಮಾಡಿತು. ಅಣ್ಣ ಆ ಕಾಗದ ಹಿಡಿದು ನನ್ನ ಮೇಜಿನ ಹತ್ರ ಬಂದು, ‘ಸಾರ್, ಒಂದ್ ಪೀಸ್‌ಗೆ ಒಂದೂವರೆ ಗಂಟೆ ಸೆಟ್ಟಿಂಗಾ? ನೀವೇ ಬಂದು ಮಾಡ್ಬಿಡಿ’ ಅಂದ. ಸುತ್ತ ಇದ್ದವರು ನಕ್ಕರು.

ಅವಮಾನ ಆಯ್ತು ಅಂತಲೇ ಇಟ್ಕೊಳ್ಳಿ. ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನು, ಆಮೇಲೆ ಎಡವಟ್ಟಾದ ವಾರದ ಅಂಕಿಗಳಲ್ಲೇ ಇಲ್ಲಿ ಹಾಕಿ ತೋರಿಸುತ್ತೇನೆ. ಎರಡು ಸಲ ಓದೋ ಕಷ್ಟ ಬೇಡ.

ಕೈಯಲ್ಲಿ ಸಿದ್ಧ ಇಂಪೆಲ್ಲರ್ 29 ಇವೆ. ಮುಂದಿನ ಏಳು ವಾರ ಅಸೆಂಬ್ಲಿಗೆ ಬೇಕಾದದ್ದು ಮೊದಲ ಸಾಲಿನಲ್ಲಿದೆ. ಕೆಳಗಿನ ಎರಡು ಸಾಲು, ಎರಡು ಪದ್ಧತಿಗಳಲ್ಲಿ ಯಾವ ವಾರಕ್ಕೆ ಎಷ್ಟು ಇಂಪೆಲ್ಲರ್ ಸಿದ್ಧವಾಗಿ ಬರಬೇಕು ಅನ್ನೋದು.

| ವಾರ | 1 | 2 | 3 | 4 | 5 | 6 | 7 |
|---|---|---|---|---|---|---|---|
| ಬೇಡಿಕೆ | 10 | 20 | 30 | 10 | 40 | 20 | 30 |
| ಲಾಟ್ ಫಾರ್ ಲಾಟ್ | – | 1 | 30 | 10 | 40 | 20 | 30 |
| ಮೂರು ವಾರದ ಗಂಟು | – | 41 | – | – | 90 | – | – |

ಮೊದಲ ವಾರ 29ರಲ್ಲಿ 10 ಹೋಗಿ 19 ಉಳಿಯುತ್ತವೆ. ಎರಡನೇ ವಾರಕ್ಕೆ 20 ಬೇಕು, ಒಂದು ಕಡಿಮೆ. ಲಾಟ್ ಫಾರ್ ಲಾಟ್ ಆದ್ರೆ ಆ ಒಂದನ್ನೇ ಮಾಡು ಅನ್ನುತ್ತೆ. ಅಣ್ಣನ ಕೈಗೆ ಬಂದ ಕಾಗದ ಇಂಥದ್ದೇ. ಮೂರು ವಾರದ ಗಂಟಾದ್ರೆ, ಕೊರತೆ ಮೊದಲು ಬಿದ್ದ ಎರಡನೇ ವಾರದಿಂದ ಎಣಿಸಿ 1, 30, 10 ಸೇರಿಸಿ 41 ಮಾಡು ಅನ್ನುತ್ತೆ. ಮತ್ತೆ ಐದನೇ ವಾರಕ್ಕೆ 40, 20, 30 ಸೇರಿಸಿ 90.

ಈಗ ದುಡ್ಡು. ಒಂದು ಸೆಟ್ಟಿಂಗಿಗೆ ನಮ್ಮ ಅಕೌಂಟ್ಸಿನವರು 700 ರೂಪಾಯಿ ಹಿಡಿಯುತ್ತಿದ್ದರು. ಒಂದು ಇಂಪೆಲ್ಲರ್ ಸುಮಾರು 600 ರೂಪಾಯಿ ಮಾಲು. ಅದು ರ‍್ಯಾಕಿನಲ್ಲಿ ಒಂದು ವಾರ ಸುಮ್ಮನೆ ಕೂತರೆ ಬಡ್ಡಿ, ಜಾಗ, ತುಕ್ಕು ಎಲ್ಲ ಸೇರಿ ಮೂರು ರೂಪಾಯಿ. ಲಾಟ್ ಫಾರ್ ಲಾಟ್‌ನಲ್ಲಿ ಆರು ಸೆಟ್ಟಿಂಗು, 4,200 ರೂಪಾಯಿ, ಯಾವುದೂ ಕೂರಲ್ಲ. ಗಂಟಿನಲ್ಲಿ ಎರಡೇ ಸೆಟ್ಟಿಂಗು, 1,400. ಕೂತದ್ದು ಎರಡನೇ ವಾರದ ಕೊನೆಗೆ 40, ಮೂರನೆಯದರ ಕೊನೆಗೆ 10, ಐದನೆಯದರ ಕೊನೆಗೆ 50, ಆರನೆಯದರ ಕೊನೆಗೆ 30. ಒಟ್ಟು 130, ಮೂರರಂತೆ 390 ರೂಪಾಯಿ. ಎರಡೂ ಸೇರಿ 1,790. ಅಂದ್ರೆ ಏಳು ವಾರಕ್ಕೆ 2,410 ರೂಪಾಯಿ ಉಳಿತಾಯ, ಅದೂ ಒಂದೇ ಸಾಮಾನಿನಲ್ಲಿ.

ಇದನ್ನು ಮ್ಯಾನೇಜರಿಗೆ ತೋರಿಸಿದೆ. ಅವರು ‘ಭೇಷ್’ ಅಂದರು. ಖಾನೆ ಬದಲಾಯಿಸಿದೆ. ಲೇತಿನ ಅಣ್ಣ ಕ್ಯಾಂಟೀನಿನಲ್ಲಿ ನನ್ನ ಟೀ ದುಡ್ಡು ತಾನೇ ಕೊಟ್ಟ. ಆರು ತಿಂಗಳು ಎಲ್ಲ ಚೆನ್ನಾಗೇ ನಡೀತು.

ಆ ಲೆಕ್ಕ ತಪ್ಪೇನಲ್ಲ, ಇವತ್ತಿಗೂ ಸರಿಯಾಗೇ ಇದೆ. ಅದರಲ್ಲಿ ಇಲ್ಲದೇ ಇದ್ದದ್ದು ಬೇರೆ. ಇಂಪೆಲ್ಲರಿನ ಕೆಳಗೆ ಇನ್ನೊಂದು ಸಾಮಾನಿದೆ, ಕಾಸ್ಟಿಂಗು. ನಾನು ಮೇಲೆ ಕಟ್ಟುವ ಗಂಟು ಕೆಳಗಿನದಕ್ಕೆ ಬೇಡಿಕೆಯಾಗಿ ಇಳಿಯುತ್ತದೆ. ಅಸೆಂಬ್ಲಿಗೆ ವಾರವಾರ ಬೇಕಾದದ್ದು 30, 10, 40 ಅಂತ ಹೆಚ್ಚುಕಮ್ಮಿ ಹರಿದುಬರುವ ಬೇಡಿಕೆ. ನನ್ನ ಖಾನೆ ದಾಟಿದ ಮೇಲೆ ಅದು 41, ಸೊನ್ನೆ, ಸೊನ್ನೆ, 90 ಅಂತ ಮುದ್ದೆಮುದ್ದೆ. ಮುದ್ದೆ ಅದರ ಜಾಗದಲ್ಲಿ ನಿಂತಿದ್ದರೆ ತೊಂದರೆ ಇಲ್ಲ. ಜಾಗ ಬದಲಿಸಿದರೆ?

ಆ ಸೋಮವಾರ ಬದಲಿಸಿತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ.

ಫೋನಿನ ಆ ತುದಿಯಲ್ಲಿದ್ದದ್ದು ಬೆಳಗಾವಿಯ ಫೌಂಡ್ರಿಯ ಯಜಮಾನರು. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೀತಿದ್ದದ್ದು. ಮುಂದಿನ ಸೋಮವಾರಕ್ಕೆ 35 ಕಾಸ್ಟಿಂಗ್ ಬೇಕೇ ಬೇಕು ಅಂದೆ.

‘ಸರ, ಮೂರು ವಾರದ ಮಾಲು ಐತ್ರೀ ಅದು. ಎಂಟು ದಿನದಾಗ ಅಂದ್ರ ಹ್ಯಾಂಗ್ರೀ? ಕೋರ್ ಮಾಡಬೇಕು, ಸಾಚಾ ಹಾಕಬೇಕು. ಅದರಾಗ ಶುಕ್ರವಾರ ಗಣಪತಿ ವಿಸರ್ಜನೆ ಐತಿ. ಹುಡುಗ್ರು ಒಬ್ಬರೂ ಬರಂಗಿಲ್ಲ.’

ಬೆಳಗಾವಿಯ ಗಣೇಶೋತ್ಸವ ನೋಡಿದವರಿಗೆ ಗೊತ್ತು, ಅನಂತ ಚತುರ್ದಶಿಯ ಮೆರವಣಿಗೆ ಅಂದ್ರೆ ಊರಿಗೆ ಊರೇ ರಸ್ತೆಯಲ್ಲಿರುತ್ತೆ. ನನಗೂ ಗೊತ್ತಿತ್ತು. ಆದರೂ ಅಂದೆ: ‘ಕಾಕಾ, ನಮ್ಮ ಲೈನು ನಿಂತುಹೋಗುತ್ತೆ. ಇದೊಂದು ಸಲ ನಡೆಸಿಕೊಡಿ.’ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಾಲು ತಡವಾದರೆ ಹೊಣೆ ನಿಮ್ಮದೇ ಅನ್ನೋ ಧಾಟಿಯಲ್ಲಿ ಒಂದು ಈಮೇಲನ್ನೂ ಕಳಿಸಿದೆ, ಮ್ಯಾನೇಜರಿಗೆ ಕಾಪಿ ಹಾಕಿ. ಆರ್ಡರೇ ಕೊಡದ ಮಾಲು ಹೇಗೆ ತಡವಾಗುತ್ತೆ ಅಂತ ಅವರು ಕೇಳಬಹುದಿತ್ತು. ಕೇಳಲಿಲ್ಲ. ‘ಆತು ಬಿಡ್ರಿ, ನೋಡ್ತೀನಿ’ ಅಂದರು.

ಅವರು ಎಂಟು ಜನರನ್ನು ಉಳಿಸಿಕೊಂಡು ವಿಸರ್ಜನೆಯ ದಿನವೇ ಎರಕ ಹೊಯ್ದರು. ಅವರ ಕುಲುಮೆಯಲ್ಲಿ ಒಂದು ಸಲಕ್ಕೆ ಅರ್ಧ ಟನ್ ಕಬ್ಬಿಣ ಕರಗುತ್ತೆ. 35 ಇಂಪೆಲ್ಲರಿಗೆ, ಕತ್ತರಿಸಿ ಬಿಸಾಡುವ ಭಾಗವೂ ಸೇರಿ, ಅಷ್ಟು ಬೇಕಾಗಲ್ಲ. ಉಳಿದ ಕರಗಿದ ಕಬ್ಬಿಣವನ್ನು ಹೊಯ್ಯೋದಕ್ಕೆ ಬೇರೆ ಯಾರದೋ ಅಚ್ಚುಗಳನ್ನು ಹುಡುಕಿ ಹಾಕಿದರಂತೆ. ಶನಿವಾರ ಮರಳು ಒಡೆದು, ಅಂಚು ಉಜ್ಜಿ, ಭಾನುವಾರ ರಾತ್ರಿ ಒಂದು ಟೆಂಪೋಗೆ ಹಾಕಿ, 500 ಕಿಲೋಮೀಟರ್ ದೂರದ ಪೀಣ್ಯಕ್ಕೆ ಸೋಮವಾರ ಬೆಳಿಗ್ಗೆ ಮುಟ್ಟಿಸಿದರು. ಟೆಂಪೋ ಬಾಡಿಗೆ ಹದಿನಾಲ್ಕು ಸಾವಿರ. ನಮ್ಮ ಕಂಪನಿಯದ್ದೇ. ನಾನು ಏಳು ವಾರಕ್ಕೆ ಉಳಿಸಿದ್ದು 2,410 ಅನ್ನೋದು ಆಗ ನೆನಪಾಗಲಿಲ್ಲ. ಲೈನು ಉಳೀತಲ್ಲ ಅನ್ನೋ ಸಮಾಧಾನವೇ ದೊಡ್ಡದಾಗಿತ್ತು.

ಲೇತಿನ ಅಣ್ಣ ಕಾಗದದಲ್ಲಿದ್ದಂತೆ 80 ಇಂಪೆಲ್ಲರನ್ನೂ ಒಂದೇ ಸೆಟ್ಟಿಂಗಿನಲ್ಲಿ ಕೊರೆದು ಕೊಟ್ಟ. ನಮ್ಮ ಸ್ಟೋರ್ಸಿನ ಯಜಮಾನರಿಗೆ ಒಂದು ಅಭ್ಯಾಸ. ಯಾವ ಮಾಲು ಬಂದರೂ ಚಾಕ್‌ಪೀಸಿನಿಂದ ಅದರ ಮೇಲೆ ಬಂದ ತಾರೀಖು ಗೀಚುತ್ತಾರೆ. ಅದಾಗಿ ಎರಡು ವಾರಕ್ಕೆ ಬೇರೇನೋ ಕೇಳೋಕೆ ಸ್ಟೋರ್ಸಿಗೆ ಹೋದಾಗ ಅವರು ಮೇಲಿನ ರ‍್ಯಾಕಿನತ್ತ ಕೈ ತೋರಿಸಿದರು.

‘ಅಲ್ಲಾ ಸಾರ್, ಹಬ್ಬ ಬಿಡಿಸಿ ತರಿಸಿದ್ರಲ್ಲ, ಯಾರಿಗೋಸ್ಕರ? ನಲವತ್ತು ಹಾಗೇ ಕೂತಿವೆ. ಇನ್ನೊಂದ್ಸಲ ಎಣ್ಣೆ ಬಳೀಬೇಕು ಈಗ.’

ಎಣಿಸಿದೆ. 40. ಸುಣ್ಣದ ಬಿಳಿ ತಾರೀಖು ಎಲ್ಲದರ ಮೇಲೂ ಹಾಗೇ ಇತ್ತು.

ಮೇಜಿಗೆ ಬಂದು ಕಾಗದ ಪೆನ್ಸಿಲ್ ಹಿಡಿದು ಕೂತೆ. ಎರಡನೇ ವಾರದ ಬೇಡಿಕೆ 20 ಇದ್ದದ್ದು 19 ಆಯ್ತು. ಕೈಯಲ್ಲಿ ಉಳಿದದ್ದೂ 19. ಸರಿಹೋಯ್ತು, ಎರಡನೇ ವಾರ ಕೊರತೆಯೇ ಇಲ್ಲ! ಕೊರತೆ ಮೊದಲು ಬೀಳೋದು ಮೂರನೇ ವಾರಕ್ಕೆ. ಹಾಗಾಗಿ ಕಂಪ್ಯೂಟರು ಮೂರು ವಾರವನ್ನು ಎರಡರಿಂದ ಎಣಿಸೋ ಬದಲು ಮೂರರಿಂದ ಎಣಿಸಿತು. ಮೂರು, ನಾಲ್ಕು, ಐದು. ಮೊದಲಿದ್ದ ಗಂಟಿನಲ್ಲಿ 1, 30, 10 ಇದ್ದವು. ಈಗ 1 ಬಿದ್ದುಹೋಗಿ, ತುದಿಯಲ್ಲಿ ಐದನೇ ವಾರದ 40 ಒಳಗೆ ಬಂತು. 30, 10, 40, ಒಟ್ಟು 80.

ಇಂಪೆಲ್ಲರ್ ಕೊರೆಯೋಕೆ ಒಂದು ವಾರ ಕೊಟ್ಟಿದ್ದೆವು. ಅಂದ್ರೆ ಕಾಸ್ಟಿಂಗು ಒಂದು ವಾರ ಮೊದಲೇ ಕೈಯಲ್ಲಿರಬೇಕು. ಕಾಸ್ಟಿಂಗಿನ ಮೇಲೆ ಬಿದ್ದ ಬೇಡಿಕೆ ಹೀಗೆ ಬದಲಾಯ್ತು:

| ವಾರ | 1 | 2 | 3 | 4 |
|---|---|---|---|---|
| ಶುಕ್ರವಾರ ಇದ್ದದ್ದು | 41 | – | – | 90 |
| ಸೋಮವಾರ ಆದದ್ದು | – | 80 | – | – |

ಕಾಸ್ಟಿಂಗು ಸ್ಟೋರ್ಸಿನಲ್ಲಿ 45 ಇದ್ದವು. ಮೊದಲಿನ ಲೆಕ್ಕದಲ್ಲಿ 41 ಹೋಗಿ 4 ಉಳಿದು, ನಾಲ್ಕನೇ ವಾರಕ್ಕೆ 86 ಬೇಕು. ಬೆಳಗಾವಿಯಿಂದ ಬರೋಕೆ ಮೂರು ವಾರ, ಇವತ್ತೇ ಆರ್ಡರ್ ಕಳಿಸಿದ್ರೆ ಸರಿಯಾಗಿ ಬರುತ್ತೆ, ಕೆಂಪು ಸಾಲಿಲ್ಲ. ಬದಲಾದ ಲೆಕ್ಕದಲ್ಲಿ ಎರಡನೇ ವಾರಕ್ಕೇ 80 ಬೇಕು, ಇರೋದು 45, ಕೊರತೆ 35. ಎರಡನೇ ವಾರಕ್ಕೆ ಬರಬೇಕಾದ್ರೆ ಎರಡು ವಾರದ ಹಿಂದೆಯೇ ಆರ್ಡರ್ ಹೋಗಿರಬೇಕಿತ್ತು. ಆಗ ಯಾರಿಗೆ ಕನಸು ಬಿದ್ದಿತ್ತು?

ಇಷ್ಟು ಬರೆದ ಮೇಲೆ ಅದೇ ಕಾಗದದ ಕೆಳಗೆ, ಇಂಪೆಲ್ಲರ್ ಹಳೇ ಪದ್ಧತಿಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಬರೆದೆ. ಕಾಸ್ಟಿಂಗಿನ ಬೇಡಿಕೆ ಮೊದಲ ನಾಲ್ಕು ವಾರ 1, 30, 10, 40. ಪಂಪು ರದ್ದಾದ ಮೇಲೆ ಸೊನ್ನೆ, 30, 10, 40. ಕೈಯಲ್ಲಿದ್ದ 45ರಲ್ಲಿ ಮೂರನೇ ವಾರದವರೆಗೆ ಆರಾಮಾಗಿ ನಡೀತಿತ್ತು. ನಾಲ್ಕನೇ ವಾರದ ಕೊರತೆ 36 ಇದ್ದದ್ದು 35 ಆಗುತ್ತಿತ್ತು, ಅಷ್ಟೇ. ಒಂದು ಪಂಪು ಕಡಿಮೆ, ಒಂದು ಕಾಸ್ಟಿಂಗು ಕಡಿಮೆ.

ಅಂದ್ರೆ ಆ 35ರ ಕೊರತೆ ಇರಲೇ ಇಲ್ಲ. ಅಸೆಂಬ್ಲಿಗೆ ನಾಲ್ಕನೇ ವಾರದ ತನಕ ಬೇಕಿದ್ದದ್ದು 40 ಇಂಪೆಲ್ಲರ್, ಅದಕ್ಕೆ ಕಾಸ್ಟಿಂಗು ಸ್ಟೋರ್ಸಿನಲ್ಲೇ ಬಿದ್ದಿತ್ತು. ಉಳಿದ 40 ಐದನೇ ವಾರದವು. ಅವನ್ನು ಕೊರೆಯೋಕೆ ಶುರು ಮಾಡಬೇಕಾದದ್ದೇ ನಾಲ್ಕನೇ ವಾರ, ಅಷ್ಟರಲ್ಲಿ ಕಾಕಾ ಹಬ್ಬ ಮುಗಿಸಿ ನಿಧಾನಕ್ಕೆ ಕಳಿಸಬಹುದಿತ್ತು. ಲೈನು ನಿಲ್ಲುವ ಮಾತೇ ಇರಲಿಲ್ಲ. ನಿಂತದ್ದು ಎಂಟು ಜನರ ವಿಸರ್ಜನೆ.

ನಮ್ಮ ಕಸುಬಿನಲ್ಲಿ ಇದಕ್ಕೊಂದು ಹೆಸರಿದೆ, ನರ್ವಸ್‌ನೆಸ್ ಅಂತಾರೆ. ಮೇಲೆ ಸಣ್ಣಗೆ ಅಲುಗಿದರೆ ಕೆಳಗೆ ನಡುಕ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ.

ಗುರುತು ಹಿಡಿಯೋದು ಕಷ್ಟವೂ ಅಲ್ಲ ನೋಡಿ. ಯಾವುದೇ ಎಂಆರ್‌ಪಿಯಲ್ಲಿ ಪೆಗ್ಗಿಂಗ್ ಅನ್ನೋ ಸವಲತ್ತು ಇರುತ್ತೆ. ಕೊರತೆಯ ಸಾಲಿನ ಮೇಲೆ ಒತ್ತಿದರೆ, ಈ ಬೇಡಿಕೆ ಯಾವುದರಿಂದ ಇಳಿದು ಬಂತು ಅಂತ ಮೇಲಿನ ಸಾಮಾನಿಗೆ, ಅಲ್ಲಿಂದ ಅದರ ಮೇಲಿನದಕ್ಕೆ ಹತ್ತುತ್ತಾ ಹೋಗಬಹುದು. ಆವತ್ತು ನಾನು ಹಾಗೆ ಹತ್ತಿದ್ದರೆ ಮೊದಲ ಮೆಟ್ಟಿಲಲ್ಲೇ ‘ಇಂಪೆಲ್ಲರ್, 80’ ಅಂತ ಕಾಣುತ್ತಿತ್ತು. ಎರಡನೇ ಮೆಟ್ಟಿಲಲ್ಲಿ ಆ 80ರಲ್ಲಿ 40 ಐದನೇ ವಾರದ್ದು ಅಂತ. ಐದು ನಿಮಿಷದ ಕೆಲಸ. ಇನ್ನೊಂದು ಸುಳಿವೂ ಇತ್ತು. ಬೇಡಿಕೆ ಏರದೇ ಇದ್ದಕ್ಕಿದ್ದಂತೆ ಕೊರತೆ ಎದ್ದರೆ, ಅದು ನಿಜವಾದ ಕೊರತೆಗಿಂತ ಗಂಟು ಜಾರಿದ್ದರಿಂದ ಹುಟ್ಟಿದ್ದಾಗಿರೋ ಸಂಭವವೇ ಹೆಚ್ಚು.

ಹಾಗಂತ ಲಾಟ್ ಫಾರ್ ಲಾಟ್ ಒಳ್ಳೇದು, ಗಂಟು ಕೆಟ್ಟದ್ದು ಅಂತ ಹೊರಟರೆ ಲೇತಿನ ಅಣ್ಣ ಮತ್ತೆ ಕಾಗದ ಹಿಡಿದು ಬರ್ತಾನೆ. ಆರು ಸೆಟ್ಟಿಂಗಿಗೆ ಒಂಬತ್ತು ಗಂಟೆ, ಎರಡಕ್ಕೆ ಮೂರು ಗಂಟೆ. ಲೇತು ಖಾಲಿ ಇರುವ ದಿನಗಳಲ್ಲಿ ಆ ಆರು ಗಂಟೆಗೆ ನಿಜವಾದ ಬೆಲೆ ಏನೂ ಇಲ್ಲ, 700 ರೂಪಾಯಿ ಅನ್ನೋದು ಅಕೌಂಟ್ಸಿನ ಪುಸ್ತಕದಲ್ಲಿ ಮಾತ್ರ. ಆದ್ರೆ ಬೇಸಿಗೆಯಲ್ಲಿ ಪಂಪಿನ ಬೇಡಿಕೆ ಏರಿ ಲೇತು ಮೂರು ಪಾಳಿ ಓಡುವಾಗ ಆ ಆರು ಗಂಟೆಯಲ್ಲಿ ಕೊರೆಯಬಹುದಾಗಿದ್ದ ಇಂಪೆಲ್ಲರುಗಳೇ ಅದರ ಬೆಲೆ. ನನ್ನ ಮೊದಲ ಲೆಕ್ಕ ಈ ಎರಡು ಕಾಲವನ್ನೂ ಒಂದೇ ಅಂತ ಹಿಡಿದಿತ್ತು.

ಕೊನೆಗೆ ಮಾಡಿದ್ದು ಇಷ್ಟು. ಇಂಪೆಲ್ಲರನ್ನು ಮತ್ತೆ ಲಾಟ್ ಫಾರ್ ಲಾಟ್‌ಗೆ ಹಾಕಿದೆ. ಆದ್ರೆ ಪ್ರತಿ ಶನಿವಾರ ಮುಂದಿನ ಎರಡು ವಾರದ ಆರ್ಡರುಗಳನ್ನು ನಾನೇ ನೋಡಿ, ಚಿಲ್ಲರೆ ಇದ್ದದ್ದನ್ನು ಪಕ್ಕದ್ದಕ್ಕೆ ಸೇರಿಸಿ, ‘ಫರ್ಮ್’ ಅಂತ ಗುರುತು ಹಾಕಿಬಿಡುತ್ತಿದ್ದೆ. ಫರ್ಮ್ ಮಾಡಿದ ಆರ್ಡರನ್ನು ಭಾನುವಾರದ ಲೆಕ್ಕ ಮುಟ್ಟಲ್ಲ. ಮೇಲಿನ ಉದಾಹರಣೆಯಲ್ಲಾದ್ರೆ ಒಂದನ್ನೂ ಮೂವತ್ತನ್ನೂ ಕೂಡಿಸಿ 31, ಒಂದೇ ಸೆಟ್ಟಿಂಗು. ಆಮೇಲೆ ಡೀಲರು ಒಂದು ಪಂಪು ಬೇಡ ಅಂದರೂ ಒಂದು ಇಂಪೆಲ್ಲರ್ ಹೆಚ್ಚಿಗೆ ಕೂರುತ್ತೆ, ಕೂರಲಿ. ಆ ಶನಿವಾರ 41ರ ಆರ್ಡರನ್ನು ಹೀಗೆ ಕಟ್ಟಿಹಾಕಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಗಂಟು ಕಟ್ಟೋದನ್ನು ಕಾಸ್ಟಿಂಗಿಗೆ ಇಳಿಸಿದೆ. ಅದರ ಕೆಳಗೆ ನಮ್ಮ ಲೆಕ್ಕದಲ್ಲಿ ಇನ್ಯಾವ ಸಾಮಾನೂ ಇಲ್ಲ, ನಡುಕ ಮುಂದಕ್ಕೆ ಇಳಿಯೋಕೆ ಮೆಟ್ಟಿಲಿಲ್ಲ. ಕಾಕಾಗೂ ಒಂದೇ ಸಲ 86 ಅಂದ್ರೆ ಕುಲುಮೆ ತುಂಬುತ್ತೆ. ಮೇಲಿನ ಅಂಕಿಗಳನ್ನೇ ಹಾಕಿ ನೋಡಿ: ಇಂಪೆಲ್ಲರ್ ವಾರವಾರ, ಕಾಸ್ಟಿಂಗ್ ಮೂರು ವಾರಕ್ಕೊಮ್ಮೆ ಅಂತಿಟ್ಟರೆ ನಾಲ್ಕನೇ ವಾರಕ್ಕೆ 36, 20, 30 ಸೇರಿ ಅದೇ 86 ಬರುತ್ತೆ. ಪಂಪು ರದ್ದಾದರೆ 85.

ನಮ್ಮ ಲೆಕ್ಕದಲ್ಲಿ ಮೆಟ್ಟಿಲಿಲ್ಲ ಅಂದೆ. ಕಾಕಾನ ಲೆಕ್ಕದಲ್ಲಿ ಇದೆ, ಅವರ ಮರಳು, ಕೋರು, ಜನ. ಗಂಟು ಜಾರುವ ಅಪಾಯ ಕಾಸ್ಟಿಂಗಿನಲ್ಲೂ ಇದ್ದೇ ಇರುತ್ತೆ, ಜಾರಿದರೆ ತಡಕಾಡೋದು ಅವರು. ಅದಕ್ಕೆ ಕೊರತೆ ಬಿದ್ದ ವಾರದಿಂದ ಮೂರು ಎಣಿಸೋದನ್ನು ಬಿಟ್ಟು ಕ್ಯಾಲೆಂಡರಿಗೆ ಕಟ್ಟಿದೆ. ಕೊರತೆ ಇರಲಿ ಬಿಡಲಿ, ಗಂಟಿನ ಗಡಿ ಗೋಡೆಯ ಮೇಲೆ ಬರೆದಿಟ್ಟದ್ದು. ಸ್ಯಾಪ್‌ನಂಥ ದೊಡ್ಡ ಸಾಫ್ಟ್‌ವೇರಿನಲ್ಲಿ ಲಾಟ್ ಫಾರ್ ಲಾಟ್‌ಗೆ `EX`, ವಾರದ ಗಂಟಿಗೆ `WB`, ತಿಂಗಳ ಗಂಟಿಗೆ `MB` ಅಂತ ಹಾಕುತ್ತಾರೆ. ಅಲ್ಲಿಯ ವಾರ, ತಿಂಗಳು ಕ್ಯಾಲೆಂಡರಿನವೇ, ಹಾಗಾಗಿ ಗಡಿ ಜಾರಲ್ಲ. ನಮ್ಮ ಪುಟ್ಟ ಸಾಫ್ಟ್‌ವೇರಿನಲ್ಲಿ ಆ ಅನುಕೂಲ ಇರಲಿಲ್ಲ, ನಾನೇ ಕೈಯಲ್ಲಿ ಮಾಡುತ್ತಿದ್ದೆ. ಆ ಗಣೇಶನ ವಾರವನ್ನು ಹಾಗೆ ಹಾಕಿ ನೋಡಿದೆ. ಇಂಪೆಲ್ಲರಿನ ಗಂಟಿನ ಗಡಿಯನ್ನು ಎರಡರಿಂದ ನಾಲ್ಕು, ಐದರಿಂದ ಏಳು ಅಂತ ಗಟ್ಟಿ ಮಾಡಿಟ್ಟಿದ್ದರೂ ಸಾಕಿತ್ತು. 41 ಹೋಗಿ 40 ಆಗುತ್ತಿತ್ತು, 90 ಇದ್ದಲ್ಲೇ ಇರುತ್ತಿತ್ತು. ಗಂಟು ಉಳಿಯುತ್ತಿತ್ತು, ಹಬ್ಬವೂ ಉಳಿಯುತ್ತಿತ್ತು.

ಈ ಕಾಗದ ಎಲ್ಲ ಮುಗಿಸಿದ ಮೇಲೆ ಕಾಕಾಗೆ ಫೋನ್ ಮಾಡೋಕೆ ನನಗೆ ಎರಡು ದಿನ ಹಿಡೀತು. ಮಾಡಿದೆ. ಆ 35 ಬೇಕಾಗಿರಲಿಲ್ಲ, ಲೆಕ್ಕದ ಖಾನೆಯೊಂದರಲ್ಲಿ ನಾನೇ ಮಾಡಿದ ಬದಲಾವಣೆಯಿಂದ ಹಾಗಾಯ್ತು, ಈಮೇಲಿನಲ್ಲಿ ಬರೆದದ್ದೂ ತಪ್ಪು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಗ್ರೈಂಡರಿನ ಸದ್ದು ಮಾತ್ರ ಕೇಳಿಸ್ತು.

‘ಆವತ್ತು ನನ್ನ ಮೊಮ್ಮಗ ಬಾಗಿಲದಾಗ ನಿಂತು ದಾರಿ ಕಾಯ್ಕೊಂತ ಕೂತಿದ್ನ್ರೀ ಸರ. ಅಜ್ಜಾ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಗಣಪ್ಪನ್ನ ತೋರಸ್ತಾನ ಅಂತ’ ಅಂದರು. ಸಿಟ್ಟಿನ ದನಿ ಅಲ್ಲ. ಆಮೇಲೆ ತಾವೇ, ‘ಹೋಗ್ಲಿ ಬಿಡ್ರಿ. ಇನ್ನ ಮ್ಯಾಲೆ ನನಗ ಫೋನ್ ಮಾಡೂಕ ಮದಲ ಒಮ್ಮೆ ನಿಮ್ಮ ರ‍್ಯಾಕ್ ನೋಡ್ರಿ’ ಅಂದರು. ಮ್ಯಾನೇಜರಿಗೂ ಕಾಪಿ ಹಾಕಿ ಇನ್ನೊಂದು ಈಮೇಲ್ ಬರೆದೆ, ಹಿಂದಿನದನ್ನು ವಾಪಸು ತಗೊಂಡು. ಮ್ಯಾನೇಜರು ಅದಕ್ಕೆ ಉತ್ತರ ಬರೆಯಲಿಲ್ಲ. ಆದ್ರೆ ಟೆಂಪೋ ಬಿಲ್ಲನ್ನು ನನ್ನ ಮೇಜಿನ ಮೇಲೆ ಎರಡು ದಿನ ಇಟ್ಟಿದ್ದರು.

ಮರುವರ್ಷ ಗಣೇಶ ಚೌತಿಗೆ ತಿಂಗಳಿರುವಾಗಲೇ ಕಾಕಾಗೆ ಮೂರು ವಾರದ ಆರ್ಡರ್ ಕಳಿಸಿ, ವಿಸರ್ಜನೆಯ ವಾರವನ್ನು ನಮ್ಮ ಕ್ಯಾಲೆಂಡರಿನಲ್ಲಿ ಖಾಲಿ ಅಂತ ಗುರುತು ಮಾಡಿದೆ. ಆ ವಾರದ ಸೋಮವಾರ ಬೆಳಿಗ್ಗೆ ಮತ್ತೊಂದು ಕೆಂಪು ಸಾಲು ಬಂದಿತ್ತು, ಶಾಫ್ಟಿನದ್ದು, ಕೊರತೆ 12. ಫೋನ್ ಮುಟ್ಟದೆ ಸ್ಟೋರ್ಸಿಗೆ ನಡೆದೆ. ಯಜಮಾನರು ಚಾಕ್‌ಪೀಸು ಹಿಡಿದು ಎದ್ದು ನಿಂತರು.